ಬ್ಯಾಂಕಿಗೆ ಬಂದದ್ದು ಮಾರಾಟವಲ್ಲ: ಗೇಟ್‌ವೇ ಕಡಿತ, ತಡೆಹಿಡಿದ ಹಣ ಮತ್ತು ನಿಮ್ಮ ಪುಸ್ತಕ

ಪ್ರಶ್ನೆ: ನಾನು ಆನ್‌ಲೈನ್‌ನಲ್ಲಿ ವಸ್ತು ಮಾರುತ್ತೇನೆ. ಪೇಮೆಂಟ್ ಗೇಟ್‌ವೇಯಿಂದ ವಾರಕ್ಕೊಮ್ಮೆ ಬ್ಯಾಂಕಿಗೆ ಹಣ ಬರುತ್ತದೆ. ಬಂದಷ್ಟನ್ನೂ ಮಾರಾಟ ಅಂತ ಬರೆದುಕೊಂಡು ಬಂದಿದ್ದೇನೆ. ಈಗ ವರ್ಷದ ಲೆಕ್ಕ ಮುಗಿಸಲು ಕೂತರೆ ಆರ್ಡರ್ ಪಟ್ಟಿಯ ಮೊತ್ತಕ್ಕೂ ನನ್ನ ಪುಸ್ತಕಕ್ಕೂ ತುಂಬಾ ವ್ಯತ್ಯಾಸ. ಶುಲ್ಕ ಹಿಡಿಯುತ್ತಾರೆ ಅಂತ ಗೊತ್ತು, ಆದರೆ ವ್ಯತ್ಯಾಸ ಅದಕ್ಕಿಂತ ಜಾಸ್ತಿ ಇದೆ. ‘ರಿಸರ್ವ್’ ಅಂತ ಏನೋ ಹಿಡಿದು ಆಮೇಲೆ ಬಿಡುತ್ತಾರೆ. ಇದನ್ನೆಲ್ಲ ಹೇಗೆ ಬರೆಯಬೇಕು?

ಉತ್ತರ:

ಮೊದಲು ಒಂದು ಸಮಾಧಾನದ ಮಾತು. ನಿಮ್ಮ ವ್ಯತ್ಯಾಸದಲ್ಲಿ ದೊಡ್ಡ ಪಾಲು ಕಳೆದುಹೋದ ಹಣ ಆಗಿರಲಿಕ್ಕಿಲ್ಲ. ಅದು ನಿಮ್ಮದೇ ಹಣ, ಗೇಟ್‌ವೇ ಹತ್ತಿರ ಇದೆ, ನಿಮ್ಮ ಪುಸ್ತಕದಲ್ಲಿ ಮಾತ್ರ ಇಲ್ಲ.

ಗ್ರಾಹಕ ನಿಮಗೆ ಕೊಟ್ಟದ್ದು ಪೂರ್ತಿ ಬೆಲೆ. ಅದು ನಿಮ್ಮ ಕೈ ಸೇರುವ ಮೊದಲು ಗೇಟ್‌ವೇ ಕೈಗೆ ಹೋಯಿತು. ಗೇಟ್‌ವೇ ತನ್ನ ಶುಲ್ಕವನ್ನು ಅದರಲ್ಲೇ ಮುರಿದುಕೊಂಡಿತು, ಸ್ವಲ್ಪವನ್ನು ಭದ್ರತೆಗೆ ಅಂತ ಇಟ್ಟುಕೊಂಡಿತು, ಉಳಿದದ್ದನ್ನು ಕಳಿಸಿತು. ಅಂದರೆ ಬ್ಯಾಂಕಿನಲ್ಲಿ ಕಾಣುವ ಒಂದು ಸಾಲಿನ ಹಿಂದೆ ನಾಲ್ಕೈದು ಬೇರೆ ಬೇರೆ ವ್ಯವಹಾರ ನಡೆದಿದೆ. ಅವನ್ನು ಬಿಡಿಸಿ ಬರೆಯಬೇಕು. ಗೇಟ್‌ವೇ ನಿಮ್ಮ ಗ್ರಾಹಕನಲ್ಲ, ನಿಮಗೆ ಸೇವೆ ಕೊಡುವವರು. ಹಾಗಾಗಿ ಅವರ ಶುಲ್ಕ ನಿಮ್ಮ ಖರ್ಚು. ಅದನ್ನು ಮಾರಾಟದಲ್ಲೇ ಕಳೆದು ಬರೆಯಬಾರದು.

ಬಿಡಿಸಿ ಬರೆಯಲು ನಿಮಗೆ ಬೇಕಾದದ್ದು ಎರಡು ಹೊಸ ಲೆಡ್ಜರ್. ಒಂದನ್ನು ‘ಗೇಟ್‌ವೇ ಖಾತೆ’ ಅನ್ನೋಣ. ಗ್ರಾಹಕರಿಂದ ವಸೂಲಾಗಿ, ಇನ್ನೂ ನಿಮಗೆ ಸೆಟಲ್ ಆಗದ ಹಣ ಇಲ್ಲಿರುತ್ತದೆ. ಇನ್ನೊಂದು ‘ಗೇಟ್‌ವೇ ರಿಸರ್ವ್’. ಭದ್ರತೆಗೆ ಅಂತ ತಡೆಹಿಡಿದದ್ದು ಇಲ್ಲಿ. ಎರಡೂ ಆಸ್ತಿ ಬದಿಯವು, ಅಂದರೆ ನಿಮಗೆ ಬರಬೇಕಾದ ಹಣ. ಇವೆರಡನ್ನೂ ಒಂದೇ ಲೆಡ್ಜರ್‌ನಲ್ಲಿ ಕಲಸಬೇಡಿ. ಮೊದಲನೆಯದು ಪ್ರತಿ ಸೆಟಲ್‌ಮೆಂಟ್‌ನಲ್ಲೂ ಖಾಲಿಯಾಗಬೇಕಾದದ್ದು, ಎರಡನೆಯದು ತಿಂಗಳುಗಟ್ಟಲೆ ನಿಲ್ಲುವಂಥದ್ದು. ಕಲಸಿದರೆ ಯಾವುದು ತಪ್ಪಿ ಉಳಿದ ಬಾಕಿ, ಯಾವುದು ಇರಲೇಬೇಕಾದ ಬಾಕಿ ಅಂತ ಗೊತ್ತಾಗುವುದಿಲ್ಲ.

ಒಂದು ವಾರದ ಲೆಕ್ಕ ಹಾಕಿಯೇ ನೋಡೋಣ. ಮೊತ್ತಗಳನ್ನು ಸುಮ್ನೆ ಸಂಖ್ಯೆಗಳಾಗಿ ಓದಿ, ಯಾವ ನಾಣ್ಯವಾದರೂ ಲೆಕ್ಕ ಒಂದೇ. ಮಾರಾಟದ ಮೇಲೆ ಗ್ರಾಹಕ ಕೊಡುವ ತೆರಿಗೆಯನ್ನು ಸದ್ಯಕ್ಕೆ ಬದಿಗಿಡುತ್ತೇನೆ.

ಆ ವಾರ ನಿಮ್ಮ ಆರ್ಡರ್‌ಗಳ ಮೊತ್ತ 80,000. ಗೇಟ್‌ವೇ ಶುಲ್ಕ ಶೇಕಡ 2, ಅಂದರೆ 1,600. ಆ ಶುಲ್ಕದ ಮೇಲೆ ತೆರಿಗೆ ಶೇಕಡ 10 ಅಂತ ಇಟ್ಟುಕೊಳ್ಳಿ, 160. ರಿಸರ್ವ್ ಒಟ್ಟು ಮಾರಾಟದ ಶೇಕಡ 10, ಅಂದರೆ 8,000. ಇದರ ನಡುವೆ ಹಿಂದಿನ ವಾರದ ಒಂದು ಆರ್ಡರ್ ವಾಪಸಾಗಿ 3,000 ರಿಫಂಡ್ ಕೊಟ್ಟಿರಿ. ಬ್ಯಾಂಕಿಗೆ ಬರುವುದು 67,240.

ಮಾರಾಟವನ್ನು ಮಾರಾಟವಾದ ದಿನವೇ ಬರೆಯಿರಿ. ಗೇಟ್‌ವೇ ಖಾತೆ ಡೆಬಿಟ್ 80,000, ಮಾರಾಟ ಕ್ರೆಡಿಟ್ 80,000. ಪ್ರತಿ ಆರ್ಡರ್‌ಗೂ ಒಂದೊಂದು ಎಂಟ್ರಿ ಬೇಕಿಲ್ಲ, ದಿನಕ್ಕೊಂದು ಸಾಕು, ಆ ದಿನದ ಆರ್ಡರ್ ಪಟ್ಟಿ ಜೊತೆಗಿದ್ದರೆ ಆಯಿತು. ರಿಫಂಡ್ ಕೊಟ್ಟ ದಿನ ಅದನ್ನೂ ಬರೆಯಿರಿ: ಮಾರಾಟ ವಾಪಸು ಡೆಬಿಟ್ 3,000, ಗೇಟ್‌ವೇ ಖಾತೆ ಕ್ರೆಡಿಟ್ 3,000. ಈಗ ಗೇಟ್‌ವೇ ಖಾತೆಯ ಬಾಕಿ 77,000.

ಬ್ಯಾಂಕಿಗೆ ಹಣ ಬಂದ ದಿನ ಸೆಟಲ್‌ಮೆಂಟ್ ರಿಪೋರ್ಟ್ ತೆರೆದಿಟ್ಟುಕೊಂಡು ಈ ಎಂಟ್ರಿ ಹಾಕಿ:

ಬ್ಯಾಂಕ್ ಡೆಬಿಟ್ 67,240
ಗೇಟ್‌ವೇ ಶುಲ್ಕ ಡೆಬಿಟ್ 1,600
ಶುಲ್ಕದ ಮೇಲಿನ ತೆರಿಗೆ ಡೆಬಿಟ್ 160
ಗೇಟ್‌ವೇ ರಿಸರ್ವ್ ಡೆಬಿಟ್ 8,000
ಗೇಟ್‌ವೇ ಖಾತೆ ಕ್ರೆಡಿಟ್ 77,000

ಗೇಟ್‌ವೇ ಖಾತೆ ಸೊನ್ನೆಯಾಯಿತು. ನಿಮ್ಮ ಈಗಿನ ಪದ್ಧತಿಯಲ್ಲಾದರೆ ಮಾರಾಟ 67,240 ಅಂತ ಕಾಣುತ್ತಿತ್ತು, ಶುಲ್ಕ ಸೊನ್ನೆ, ವಾಪಸು ಸೊನ್ನೆ, ಬರಬೇಕಾದ ಹಣ ಸೊನ್ನೆ. ನಿಜವಾದ ಖರ್ಚು 1,760 ಮಾತ್ರ. ಶುಲ್ಕದ ಮೇಲಿನ ತೆರಿಗೆಯನ್ನು ಬೇರೆ ಸಾಲಿನಲ್ಲಿ ಇಡಲು ಕಾರಣವಿದೆ. ತೆರಿಗೆಯ ನಿಯಮ ಒಪ್ಪುವ ಕಡೆ ಅದನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಹಾಗಿದ್ದರೆ ಆ 160 ಖರ್ಚೂ ಅಲ್ಲ. ಬ್ಯಾಂಕಿಗೆ ಬಂದಷ್ಟನ್ನೇ ಬರೆಯುವವರು ಈ ಹಣವನ್ನು ಗೊತ್ತಿಲ್ಲದೆ ಬಿಟ್ಟುಕೊಡುತ್ತಾರೆ.

ರಿಫಂಡ್ ಬಗ್ಗೆ ಒಂದು ಸಣ್ಣ ವಿಷಯ. ಮಾರಾಟವಾದಾಗ ಆ 3,000ಕ್ಕೆ 60 ಶುಲ್ಕ ಹಿಡಿದಿದ್ದರು ಅಲ್ವಾ? ರಿಫಂಡ್ ಕೊಟ್ಟಾಗ ಹೆಚ್ಚಿನ ಗೇಟ್‌ವೇಗಳು ಆ ಶುಲ್ಕವನ್ನು ಹಿಂದಿರುಗಿಸುವುದಿಲ್ಲ. ಹಾಗಾಗಿ ವಾಪಸಾದ ಮಾರಾಟದ ಶುಲ್ಕ ಖರ್ಚಿನಲ್ಲೇ ಉಳಿಯುತ್ತದೆ. ಶುಲ್ಕವನ್ನು ವಾಪಸು ಕಳೆದ ಮಾರಾಟದಿಂದ ಭಾಗಿಸಿ ನೋಡಿದಾಗ ಶೇಕಡ 2ಕ್ಕಿಂತ ಸ್ವಲ್ಪ ಜಾಸ್ತಿ ಬಂದರೆ ಗಾಬರಿ ಬೇಡ, ಮೊದಲು ವಾಪಸುಗಳನ್ನು ನೋಡಿ.

ಈಗ ರಿಸರ್ವ್. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲೇ.

ಗೇಟ್‌ವೇ ಯಾಕೆ ಹಣ ಹಿಡಿಯುತ್ತದೆ? ಕಾರ್ಡ್‌ನಲ್ಲಿ ಕೊಟ್ಟ ಗ್ರಾಹಕ ‘ವಸ್ತು ಬಂದಿಲ್ಲ’, ‘ಇದು ನಾನು ಮಾಡಿದ ಪಾವತಿ ಅಲ್ಲ’ ಅಂತ ತನ್ನ ಬ್ಯಾಂಕಿಗೆ ತಕರಾರು ಕೊಡಬಹುದು. ಇದನ್ನೇ ಚಾರ್ಜ್‌ಬ್ಯಾಕ್ ಅನ್ನುವುದು. ದೊಡ್ಡ ಕಾರ್ಡ್ ಜಾಲಗಳಲ್ಲಿ ಹೆಚ್ಚಿನ ತಕರಾರುಗಳಿಗೆ 120 ದಿನದ ಗಡುವು ಇರುತ್ತದೆ. ಕೆಲವು ಬಗೆಯ ತಕರಾರಿಗೆ ಆ ಗಡುವು ಪಾವತಿಯ ದಿನದಿಂದ ಅಲ್ಲ, ವಸ್ತು ತಲುಪಬೇಕಿದ್ದ ದಿನದಿಂದ ಶುರುವಾಗುತ್ತದೆ. ಆ ಹೊತ್ತಿಗೆ ನೀವು ಅಂಗಡಿ ಮುಚ್ಚಿ ಹೋಗಿದ್ದರೆ ನಷ್ಟ ಗೇಟ್‌ವೇ ತಲೆಗೆ. ಅದಕ್ಕೇ ಪ್ರತಿ ಸೆಟಲ್‌ಮೆಂಟ್‌ನಲ್ಲಿ ಒಂದು ಪಾಲು ಹಿಡಿದು, 180 ದಿನದ ಹಾಗೆ ಒಂದು ಅವಧಿ ಇಟ್ಟುಕೊಂಡು, ಆಮೇಲೆ ಬಿಡುತ್ತಾರೆ. ಇದಕ್ಕೆ ರೋಲಿಂಗ್ ರಿಸರ್ವ್ ಅಂತ ಹೆಸರು. ಈ ವಾರ ಹಿಡಿದ 8,000 ಸುಮಾರು 26 ವಾರದ ನಂತರ ಬಿಡುಗಡೆಯಾಗುತ್ತದೆ, ಮುಂದಿನ ವಾರದ್ದು ಅದರ ಮುಂದಿನ ವಾರ. ಇಷ್ಟು ಮೊತ್ತ ತುಂಬುವ ತನಕ ಹಿಡಿದು ನಿಲ್ಲಿಸುವ ರಿಸರ್ವ್ ಕೂಡ ಇದೆ. ನಿಮ್ಮದು ಯಾವ ಬಗೆ ಅನ್ನುವುದು ಒಪ್ಪಂದದಲ್ಲಿ ಇರುತ್ತದೆ, ಅದನ್ನು ಒಮ್ಮೆ ತೆಗೆದು ಓದಿ.

ರೋಲಿಂಗ್ ರಿಸರ್ವ್ ಪುಸ್ತಕವನ್ನು ಹೇಗೆ ದಾರಿ ತಪ್ಪಿಸುತ್ತದೆ ಅಂತ ನೋಡಿ. ನಿಮ್ಮ ಮಾರಾಟ ಪ್ರತಿ ವಾರವೂ 80,000 ಅಂತಲೇ ಇಟ್ಟುಕೊಳ್ಳೋಣ, ರಿಫಂಡ್ ಇಲ್ಲ. ಮೊದಲ ವರ್ಷದ 52 ವಾರಕ್ಕೆ ಮಾರಾಟ 41,60,000. ಶುಲ್ಕ ಮತ್ತು ಅದರ ತೆರಿಗೆ 91,520. ಮೊದಲ 26 ವಾರ ರಿಸರ್ವ್ ಬರೀ ತುಂಬುತ್ತಾ ಹೋಗುತ್ತದೆ, 2,08,000 ಆಗುತ್ತದೆ. ಆಮೇಲೆ ವಾರಕ್ಕೆ 8,000 ಹಿಡಿಯುತ್ತಾರೆ, ಹಳೆಯ 8,000 ಬಿಡುತ್ತಾರೆ. ಮಟ್ಟ ಅಲ್ಲೇ ನಿಲ್ಲುತ್ತದೆ. ವರ್ಷದ ಕೊನೆಗೆ ಬ್ಯಾಂಕಿಗೆ ಬಂದದ್ದು 38,60,480. ವ್ಯತ್ಯಾಸ ಸುಮಾರು ಮೂರು ಲಕ್ಷ. ಅದರಲ್ಲಿ ಮೂರನೇ ಎರಡಕ್ಕಿಂತ ಜಾಸ್ತಿ ನಿಮ್ಮದೇ ಹಣ. ನಿಮಗೆ ಕಂಡ ವಿಚಿತ್ರ ವ್ಯತ್ಯಾಸ ಇದೇ ಇರಬೇಕು ಅನ್ನುವುದು ನನ್ನ ಊಹೆ.

ಎರಡನೇ ವರ್ಷವೂ ಅಷ್ಟೇ ಮಾರಾಟ. ಈ ವರ್ಷ ಹಿಡಿದದ್ದೂ ಬಿಟ್ಟದ್ದೂ ಸಮ. ಬ್ಯಾಂಕಿಗೆ ಬರುವುದು 40,68,480. ಬ್ಯಾಂಕ್ ನೋಡಿ ಬರೆಯುವವರ ಪುಸ್ತಕದಲ್ಲಿ ಮಾರಾಟ ಶೇಕಡ 5ಕ್ಕಿಂತ ಜಾಸ್ತಿ ಏರಿದ ಹಾಗೆ ಕಾಣುತ್ತದೆ. ನಿಜದಲ್ಲಿ ಒಂದು ಆರ್ಡರ್ ಕೂಡ ಜಾಸ್ತಿ ಆಗಿಲ್ಲ. ಮೂರನೇ ವರ್ಷ ಅವರು ಮಾರಾಟ ನಿಲ್ಲಿಸಿದರೂ ಆರು ತಿಂಗಳ ತನಕ ಬ್ಯಾಂಕಿಗೆ ವಾರವಾರವೂ ಹಣ ಬರುತ್ತಿರುತ್ತದೆ. ಬಂದ ಹಣಕ್ಕೂ ಆಗ ನಡೆದ ವ್ಯಾಪಾರಕ್ಕೂ ಸಂಬಂಧವೇ ಇರುವುದಿಲ್ಲ. ಈ ಪದ್ಧತಿ ಬಿಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಶುಲ್ಕ ಮಾತ್ರ ಆಗಿದ್ದರೆ ತಪ್ಪು ಪ್ರತಿ ವರ್ಷ ಒಂದೇ ಅಳತೆಯಲ್ಲಿ ಇರುತ್ತಿತ್ತು. ರಿಸರ್ವ್ ಇರುವುದರಿಂದ ತಪ್ಪು ಒಂದು ವರ್ಷ ಹಿಗ್ಗುತ್ತದೆ, ಇನ್ನೊಂದು ವರ್ಷ ಕುಗ್ಗುತ್ತದೆ, ಮತ್ತೊಂದು ವರ್ಷ ತಲೆಕೆಳಗಾಗುತ್ತದೆ.

ಬಿಡುಗಡೆಯಾದ ವಾರದ ಎಂಟ್ರಿ ಹೇಗಿರುತ್ತದೆ ಅಂತಲೂ ನೋಡಿಬಿಡೋಣ. ಆರು ತಿಂಗಳ ನಂತರದ ಒಂದು ವಾರ, ವ್ಯಾಪಾರ ಸ್ವಲ್ಪ ಮಂದ. ಮಾರಾಟ 50,000. ಶುಲ್ಕ 1,000, ಅದರ ತೆರಿಗೆ 100, ಹೊಸ ರಿಸರ್ವ್ 5,000. ನಾವು ಮೊದಲು ನೋಡಿದ ವಾರದ 8,000 ಬಿಡುಗಡೆ. ಒಂದು ಚಾರ್ಜ್‌ಬ್ಯಾಕ್ 2,500, ಅದಕ್ಕೆ ದಂಡದ ಹಾಗೆ ಹಿಡಿಯುವ ಶುಲ್ಕ 300, ಅದರ ಮೇಲೆ ತೆರಿಗೆ 30. ಬ್ಯಾಂಕಿಗೆ ಬರುವುದು 49,070.

ಮಾರಾಟ 50,000, ಬ್ಯಾಂಕಿಗೆ 49,070. ಇದನ್ನು ನೋಡಿದವರಿಗೆ ಏನನ್ನಿಸುತ್ತದೆ? ಎಲ್ಲ ಸರಿಯಾಗಿದೆ, ಶುಲ್ಕ 930 ಹೋಗಿದೆ ಅಂತ. ಆದರೆ ಒಳಗೆ ಒಬ್ಬ ಗ್ರಾಹಕ ತಕರಾರು ಹಾಕಿದ್ದಾನೆ, ಹಳೆಯ ಹಣ ವಾಪಸ್ ಬಂದಿದೆ, ಹೊಸದು ಹಿಡಿದಿದ್ದಾರೆ. ಚಾರ್ಜ್‌ಬ್ಯಾಕ್‌ಗೆ ಉತ್ತರ ಕೊಡಲು ಕೆಲವೇ ದಿನದ ಗಡುವು ಇರುತ್ತದೆ. ಬ್ಯಾಂಕ್ ಸಾಲನ್ನು ಮಾತ್ರ ನೋಡುವವರಿಗೆ ಅದು ಕಣ್ಣಿಗೇ ಬೀಳದೆ ಗಡುವು ಮುಗಿದಿರುತ್ತದೆ. ಹೊಂದಾಣಿಕೆಯಾದಂತೆ ಕಾಣುವ ಸೆಟಲ್‌ಮೆಂಟ್‌ಗಳನ್ನೇ ನಾನು ಜಾಸ್ತಿ ಎಚ್ಚರಿಕೆಯಿಂದ ನೋಡುತ್ತೇನೆ.

ಎಂಟ್ರಿಯಲ್ಲಿ ಬಿಡುಗಡೆಯಾದ 8,000 ಗೇಟ್‌ವೇ ರಿಸರ್ವ್ ಲೆಡ್ಜರ್‌ಗೆ ಕ್ರೆಡಿಟ್ ಆಗುತ್ತದೆ, ಮಾರಾಟಕ್ಕೆ ಅಲ್ಲ. ಅದರ ಮಾರಾಟ ಆರು ತಿಂಗಳ ಹಿಂದೆಯೇ ಪುಸ್ತಕಕ್ಕೆ ಬಂದಾಗಿದೆ. ಹೊಸದಾಗಿ ಹಿಡಿದ 5,000 ಅದೇ ಲೆಡ್ಜರ್‌ಗೆ ಡೆಬಿಟ್. ಎರಡನ್ನೂ ಕಳೆದು ‘ನಿವ್ವಳ 3,000’ ಅಂತ ಬರೆಯುವ ಆಸೆಗೆ ಬೀಳಬೇಡಿ. ಯಾವ ವಾರ ಹಿಡಿದದ್ದು ಯಾವ ವಾರ ಬಂತು ಅನ್ನುವ ಜಾಡು ಅಲ್ಲೇ ಅಳಿಸಿಹೋಗುತ್ತದೆ. ಪ್ರತಿ ಹಿಡಿತದ ಎದುರು ಅದು ಬಿಡುಗಡೆಯಾಗಬೇಕಾದ ದಿನಾಂಕವನ್ನು ವಿವರಣೆಯಲ್ಲೇ ಬರೆದಿಡಿ. ದಿನಾಂಕ ದಾಟಿದರೂ ಬರದಿದ್ದರೆ ಗೇಟ್‌ವೇಯನ್ನು ಕೇಳಲು ಆಧಾರ ಅದೇ.

ಚಾರ್ಜ್‌ಬ್ಯಾಕ್‌ನ 2,500ನ್ನು ನೇರ ನಷ್ಟಕ್ಕೆ ಹಾಕಬೇಕಿಲ್ಲ. ನೀವು ಉತ್ತರ ಕೊಟ್ಟು ತೀರ್ಮಾನಕ್ಕೆ ಕಾಯುತ್ತಿದ್ದರೆ ‘ತಕರಾರಿನಲ್ಲಿರುವ ಹಣ’ ಅಂತ ಬೇರೆ ಇಡಬಹುದು. ಗೆದ್ದರೆ ಮುಂದಿನ ಯಾವುದೋ ಸೆಟಲ್‌ಮೆಂಟ್‌ನಲ್ಲಿ ಅದು ಸೇರಿ ಬರುತ್ತದೆ. ಸೋತರೆ ಅಥವಾ ಗೆಲ್ಲುವ ಭರವಸೆ ಇಲ್ಲದಿದ್ದರೆ ಅಲ್ಲಿಂದ ತೆಗೆದುಬಿಡಿ: ವಸ್ತು ವಾಪಸ್ ಬಂದಿದ್ದರೆ ಮಾರಾಟ ವಾಪಸು, ಇಲ್ಲದಿದ್ದರೆ ಚಾರ್ಜ್‌ಬ್ಯಾಕ್ ನಷ್ಟ. 300ರ ಶುಲ್ಕ ಮಾತ್ರ ಆಗಲೇ ಖರ್ಚು. ಗೆದ್ದರೂ ಅದು ವಾಪಸ್ ಬರುತ್ತದೆ ಅಂತ ಲೆಕ್ಕ ಹಾಕಬೇಡಿ.

ಇಷ್ಟೆಲ್ಲ ಬರೆದ ಮೇಲೆ ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತದೆ? ತಿಂಗಳ ಕೊನೆಯಲ್ಲಿ ಎರಡು ತಾಳೆ ನೋಡಿ. ನಿಮ್ಮ ಗೇಟ್‌ವೇ ಖಾತೆಯ ಬಾಕಿ, ಗೇಟ್‌ವೇ ತನ್ನ ಪರದೆಯಲ್ಲಿ ತೋರಿಸುವ ‘ಇನ್ನೂ ಸೆಟಲ್ ಆಗದ’ ಮೊತ್ತಕ್ಕೆ ಸಮ ಇರಬೇಕು. ಅವರು ಶುಲ್ಕ ಕಳೆದು ತೋರಿಸುತ್ತಿದ್ದರೆ ಅಷ್ಟನ್ನು ಸೇರಿಸಿ ನೋಡಿ. ಹಾಗೆಯೇ ನಿಮ್ಮ ರಿಸರ್ವ್ ಲೆಡ್ಜರ್ ಅವರ ರಿಸರ್ವ್ ಮೊತ್ತಕ್ಕೆ ಸಮ ಇರಬೇಕು. ಬ್ಯಾಂಕ್ ಪಾಸ್‌ಬುಕ್ ಜೊತೆ ಬ್ಯಾಂಕ್ ಲೆಡ್ಜರ್ ತಾಳೆ ನೋಡುತ್ತೀರಲ್ಲ, ಇದೂ ಅದೇ ಕೆಲಸ.

ಹೊಂದದಿದ್ದಾಗ ಏನು ಹುಡುಕಬೇಕು ಅಂತ ಒಂದು ಉದಾಹರಣೆ ಹೇಳುತ್ತೇನೆ. ಒಮ್ಮೆ ನಾನು ನೋಡಿಕೊಳ್ಳುತ್ತಿದ್ದ ಪುಸ್ತಕದಲ್ಲಿ ಗೇಟ್‌ವೇ ಖಾತೆಯ ಬಾಕಿ 23,400 ಇತ್ತು, ಗೇಟ್‌ವೇ ಪರದೆಯಲ್ಲಿ 22,000. ವ್ಯತ್ಯಾಸ 1,400. ಆರ್ಡರ್ ಪಟ್ಟಿಯಲ್ಲಿ ಸರಿಯಾಗಿ 1,400ರ ಆರ್ಡರ್ ಒಂದೇ ಇತ್ತು, ಹತ್ತು ದಿನ ಹಳೆಯದು. ಮಳಿಗೆಯ ಸಾಫ್ಟ್‌ವೇರ್‌ನಲ್ಲಿ ಅದು `paid`. ಗೇಟ್‌ವೇಯಲ್ಲಿ ಅದೇ ಪಾವತಿಯ ಸ್ಥಿತಿ `authorized`. ಅಂದರೆ ಗ್ರಾಹಕನ ಕಾರ್ಡ್‌ನಲ್ಲಿ ಹಣ ಕಾದಿರಿಸಿದ್ದು ಮಾತ್ರ, `captured` ಆಗಿರಲೇ ಇಲ್ಲ. ಗಡುವು ಮೀರಿ ಆ ಕಾದಿರಿಸುವಿಕೆ ತಾನಾಗಿ ರದ್ದಾಗಿತ್ತು. ವಸ್ತು ಮಾತ್ರ ಕಳಿಸಿಯಾಗಿತ್ತು. ಬ್ಯಾಂಕ್ ನೋಡಿ ಬರೆಯುತ್ತಿದ್ದರೆ ಹಣ ಬಾರದ ಆ ಆರ್ಡರ್ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಇನ್ನೊಂದು ವ್ಯತ್ಯಾಸ ತಪ್ಪಿನಿಂದ ಬರುವುದಲ್ಲ, ಗಡಿಯಾರದಿಂದ ಬರುವುದು. ಕೆಲವು ಗೇಟ್‌ವೇಗಳ ರಿಪೋರ್ಟ್‌ನಲ್ಲಿ ದಿನ ಯುಟಿಸಿ ಸಮಯದ ಪ್ರಕಾರ ಮುಗಿಯುತ್ತದೆ, ನಿಮ್ಮ ಮಳಿಗೆಯಲ್ಲಿ ಸ್ಥಳೀಯ ಸಮಯದ ಪ್ರಕಾರ. ತಿಂಗಳ ಕೊನೆಯ ಕೆಲವು ಗಂಟೆಗಳ ಆರ್ಡರ್‌ಗಳು ಒಂದು ಕಡೆ ಈ ತಿಂಗಳಲ್ಲಿ, ಇನ್ನೊಂದು ಕಡೆ ಬೇರೆ ತಿಂಗಳಲ್ಲಿ ಬೀಳುತ್ತವೆ. ರಿಪೋರ್ಟ್‌ನ ಸಮಯವಲಯ ಬದಲಿಸಲು ಬಂದರೆ ಬದಲಿಸಿ. ಬರದಿದ್ದರೆ ಆ ಆರ್ಡರ್‌ಗಳ ಪಟ್ಟಿ ಮಾಡಿ ತಾಳೆ ಹಾಳೆಗೆ ಲಗತ್ತಿಸಿ. ಮುಂದಿನ ತಿಂಗಳು ಅವು ತಾವಾಗಿ ಸರಿಹೋಗಬೇಕು. ಹೋಗದಿದ್ದರೆ ಕಾರಣ ಗಡಿಯಾರವಲ್ಲ.

ಮಾರಾಟ ತೆರಿಗೆಯನ್ನು ಬದಿಗಿಟ್ಟಿದ್ದೆ. ಅದರ ಬಗ್ಗೆ ಇಷ್ಟು ಮಾತ್ರ: ಅದನ್ನು ಸಾಮಾನ್ಯವಾಗಿ ಗ್ರಾಹಕ ಕೊಟ್ಟ ಪೂರ್ತಿ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ, ನಿಮ್ಮ ಬ್ಯಾಂಕಿಗೆ ಬಂದದ್ದರ ಮೇಲೆ ಅಲ್ಲ. ರಿಸರ್ವ್‌ನಲ್ಲಿ ಸಿಕ್ಕಿಕೊಂಡ ಹಣದ ಮೇಲಿನ ತೆರಿಗೆಯನ್ನೂ ನೀವು ಈಗಲೇ ಕಟ್ಟಬೇಕಾಗಿ ಬರಬಹುದು. ನೀವು ಇಷ್ಟು ದಿನ ಕಡಿಮೆ ತೋರಿಸಿದ್ದರೆ ತಿದ್ದಿದ ರಿಟರ್ನ್ ಬೇಕಾದೀತು. ಅದನ್ನು ನಿಮ್ಮ ತೆರಿಗೆ ಸಲಹೆಗಾರರ ಹತ್ತಿರ ಈಗಲೇ ಮಾತಾಡಿ, ವರ್ಷದ ಲೆಕ್ಕ ಮುಚ್ಚುವ ಮೊದಲು.

ಕೊನೆಗೆ ನೀವು ಹಳೆಯ ಪದ್ಧತಿಯಿಂದ ಹೊಸದಕ್ಕೆ ದಾಟುವ ದಿನದ ಕೆಲಸ. ಇಲ್ಲಿ ನಾನೇ ಒಮ್ಮೆ ಎಡವಿದ್ದೇನೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಒಬ್ಬರ ಪುಸ್ತಕವನ್ನು ವರ್ಷದ ಮಧ್ಯದಲ್ಲಿ ಬದಲಿಸಿದೆ. ಹೊಸ ಲೆಡ್ಜರ್‌ಗಳು ಸೊನ್ನೆಯಿಂದ ಶುರುವಾದವು. ಒಂದೆರಡು ತಿಂಗಳಲ್ಲಿ ರಿಸರ್ವ್ ಲೆಡ್ಜರ್ ಕ್ರೆಡಿಟ್ ಬಾಕಿ ತೋರಿಸತೊಡಗಿತು, ಅಂದರೆ ಗೇಟ್‌ವೇಯವರು ಇಟ್ಟುಕೊಂಡದ್ದಕ್ಕಿಂತ ಜಾಸ್ತಿ ಬಿಟ್ಟಿದ್ದಾರೆ ಅಂತ. ಹಾಗಾಗಲು ಸಾಧ್ಯವೇ ಇಲ್ಲ. ದಾಟುವ ದಿನ ಗೇಟ್‌ವೇ ಹತ್ತಿರ ಇದ್ದ ಹಳೆಯ ರಿಸರ್ವ್ ಅನ್ನು ನಾನು ಆರಂಭದ ಬಾಕಿಯಾಗಿ ತಂದಿರಲಿಲ್ಲ. ಆ ಹಣ ಹಳೆಯ ಪುಸ್ತಕದಲ್ಲಿ ಎಂದೂ ಮಾರಾಟವಾಗಿ ಬಂದಿರಲಿಲ್ಲ, ಹೊಸದರಲ್ಲೂ ಬರುತ್ತಿರಲಿಲ್ಲ.

ಆದ್ದರಿಂದ ಒಂದು ದಿನಾಂಕ ಗೊತ್ತುಮಾಡಿ. ಲೆಕ್ಕದ ವರ್ಷದ ಮೊದಲ ದಿನವಾದರೆ ಎಲ್ಲಕ್ಕಿಂತ ಒಳ್ಳೆಯದು. ಆ ದಿನ ಗೇಟ್‌ವೇಯಲ್ಲಿ ಎಷ್ಟು ರಿಸರ್ವ್ ಇತ್ತು, ಎಷ್ಟು ಸೆಟಲ್ ಆಗದೆ ಉಳಿದಿತ್ತು ಅಂತ ಅವರ ರಿಪೋರ್ಟ್‌ನಿಂದ ತೆಗೆಯಿರಿ. ಆ ಎರಡನ್ನೂ ಹೊಸ ಲೆಡ್ಜರ್‌ಗಳ ಆರಂಭದ ಬಾಕಿಯಾಗಿ ಡೆಬಿಟ್ ಮಾಡಿ. ಎದುರಿನ ಕ್ರೆಡಿಟ್ ಈ ವರ್ಷದ ಮಾರಾಟಕ್ಕೆ ಹೋಗಬಾರದು. ಅದು ಹಿಂದಿನ ವರ್ಷದ ತಿದ್ದುಪಡಿ, ಹಿಂದಿನ ಲಾಭದ ಖಾತೆಗೆ ಸೇರಬೇಕಾದದ್ದು. ಹಿಂದಿನ ವರ್ಷದ ಲೆಕ್ಕವನ್ನು ಇನ್ನೂ ಮುಚ್ಚಿಲ್ಲದಿದ್ದರೆ, ನಿಮ್ಮದು ಹಾಗೆಯೇ ಇದ್ದಂತಿದೆ, ಆ ವರ್ಷಕ್ಕೇ ಹೋಗಿ ಪೂರ್ತಿ ವರ್ಷವನ್ನು ಬಿಡಿಸಿ ಬರೆಯಿರಿ. ವಾರಕ್ಕೊಂದು ಸೆಟಲ್‌ಮೆಂಟ್ ಆದರೆ 52 ಎಂಟ್ರಿ, ಎರಡು ದಿನ ಕೂತರೆ ಮುಗಿಯುತ್ತದೆ. ಹಳೆಯ ರಿಪೋರ್ಟ್‌ಗಳನ್ನು ಮಾತ್ರ ಇವತ್ತೇ ಇಳಿಸಿ ಇಟ್ಟುಕೊಳ್ಳಿ. ಗೇಟ್‌ವೇ ಬದಲಿಸಿದರೆ ಅಥವಾ ಖಾತೆ ಮುಚ್ಚಿದರೆ ಆ ಪರದೆ ಆಮೇಲೆ ತೆರೆಯದೇ ಹೋಗಬಹುದು, ಆದರೆ ನಿಮ್ಮ ರಿಸರ್ವ್ ಆಗಲೂ ಅವರ ಹತ್ತಿರವೇ ಇರುತ್ತದೆ.